ಟಿಕೆಟಲ್ಲಿ 2:45, ನಿಮ್ಮ ಲೆಕ್ಕದಲ್ಲಿ 1:45: ಆ ಒಂದು ಗಂಟೆ ಎಲ್ಲಿ ಹೋಯ್ತು

ಪ್ರಶ್ನೆ: ಸರ್, ನಮ್ಮಮ್ಮ ಇದೇ ಮೊದಲ ಸಲ ಒಬ್ಬರೇ ಅಣ್ಣನ ಮನೆಗೆ ಚಿಕಾಗೋಗೆ ಹೋಗ್ತಿದ್ದಾರೆ. 2026 ಅಕ್ಟೋಬರ್ 28 ಬೆಳಗಿನ ಜಾವ 2:40ಕ್ಕೆ ಬೆಂಗಳೂರು ಬಿಟ್ಟು, ಫ್ರಾಂಕ್‌ಫರ್ಟಲ್ಲಿ ಇಳಿದು, ಅಲ್ಲಿಂದ 11:10ಕ್ಕೆ ಚಿಕಾಗೋ ಫ್ಲೈಟು. ಆ ಫ್ಲೈಟು 9 ಗಂಟೆ 35 ನಿಮಿಷ ಅಂತಿದೆ. ಫ್ರಾಂಕ್‌ಫರ್ಟಿಗಿಂತ ಚಿಕಾಗೋ 7 ಗಂಟೆ ಹಿಂದೆ ಅಲ್ವಾ, ನನ್ನ ಲೆಕ್ಕಕ್ಕೆ ಮಧ್ಯಾಹ್ನ 1:45 ಬರ್ತಿದೆ, ಟಿಕೆಟಲ್ಲಿ 2:45 ಅಂತಿದೆ. ಇಂಡಿಯಾದಿಂದ ಹನ್ನೊಂದೂವರೆ ಗಂಟೆ ಕಳೆದು ನೋಡಿದ್ರೂ 1:45ನೇ. ಟಿಕೆಟ್ ತಪ್ಪಾ, ನಾನು ತಪ್ಪಾ? ಹಾಸನದಲ್ಲಿ ನಾವು ಅಮ್ಮನ ಫೋನಿಗೆ ಎಷ್ಟು ಹೊತ್ತಿಗೆ ಕಾಯಬೇಕು? ವಾಪಸ್ ಬರೋದು 2027 ಮಾರ್ಚ್ 20ಕ್ಕೆ.

ಉತ್ತರ:

ಟಿಕೆಟ್ ಸರಿ ಇದೆ ಮೇಡಂ, ನೀವು ಕೂಡಿದ್ದು ಕಳೆದಿದ್ದೂ ಸರಿ ಇದೆ, ತಪ್ಪಿರೋದು ಆ 7 ಮತ್ತೆ ಹನ್ನೊಂದೂವರೆ ಅನ್ನೋ ಎರಡು ನಂಬರಲ್ಲಿ ಮಾತ್ರ. ವರ್ಷದ ಬಹುಪಾಲು ದಿನ ಫ್ರಾಂಕ್‌ಫರ್ಟಿಗೂ ಚಿಕಾಗೋಗೂ 7 ಗಂಟೆ ವ್ಯತ್ಯಾಸನೇ, ಆದ್ರೆ ಅಮ್ಮ ಹೋಗ್ತಿರೋ ಆ ವಾರ ಅದು 6. ಅದೇ ವಾರ ಹಾಸನಕ್ಕೂ ಚಿಕಾಗೋಗೂ ಹತ್ತೂವರೆ, ಹನ್ನೊಂದೂವರೆ ಅಲ್ಲ. ಎರಡು ದಾರಿಯಲ್ಲಿ ಲೆಕ್ಕ ಹಾಕಿ ಎರಡರಲ್ಲೂ 1:45 ಬಂತು ಅಂದಾಗ ಯಾರಿಗಾದ್ರೂ ಟಿಕೆಟ್ ಮೇಲೇ ಅನುಮಾನ ಬರುತ್ತೆ, ಅದು ಸಹಜ. ಆದ್ರೆ ಎರಡೂ ಕಡೆ ಒಂದೇ ಕಾರಣಕ್ಕೆ ಒಂದೊಂದು ಗಂಟೆ ತಪ್ಪಿದೆ, ಅದಕ್ಕೇ ಉತ್ತರ ಒಂದೇ ಬಂದಿರೋದು.

ಯಾಕೆ ಹಾಗೆ ಅಂತ ಹೇಳ್ತೀನಿ. ಜರ್ಮನಿಯಲ್ಲೂ ಅಮೆರಿಕದಲ್ಲೂ ಬೇಸಿಗೆಗೆ ಗಡಿಯಾರನ ಒಂದು ಗಂಟೆ ಮುಂದಕ್ಕೆ ತಿರುಗಿಸ್ತಾರೆ, ಚಳಿಗಾಲಕ್ಕೆ ಮತ್ತೆ ಒಂದು ಗಂಟೆ ಹಿಂದಕ್ಕೆ. ಆದ್ರೆ ಇಬ್ಬರೂ ಒಂದೇ ದಿನ ತಿರುಗಿಸಲ್ಲ. ಯುರೋಪ್ ಕಡೆ ಅಕ್ಟೋಬರ್ ಕೊನೇ ಭಾನುವಾರ, ಅಂದ್ರೆ 2026ರಲ್ಲಿ ಅಕ್ಟೋಬರ್ 25. ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ, ಅಂದ್ರೆ ನವೆಂಬರ್ 1, ಅಲ್ಲಿ 2007ರಿಂದ ಇದೇ ನಿಯಮ. ಈ ಎರಡು ಭಾನುವಾರದ ಮಧ್ಯೆ ಸಿಗೋ ಒಂದು ವಾರ ಫ್ರಾಂಕ್‌ಫರ್ಟ್ ಚಳಿಗಾಲದ ಗಡಿಯಾರಕ್ಕೆ ಹೋಗಿರುತ್ತೆ, ಚಿಕಾಗೋ ಇನ್ನೂ ಬೇಸಿಗೆ ಗಡಿಯಾರದಲ್ಲೇ ಇರುತ್ತೆ, ಮಧ್ಯದ ಅಂತರ ಒಂದು ಗಂಟೆ ಕಮ್ಮಿ ಆಗುತ್ತೆ. ಅಮ್ಮನ 28ನೇ ತಾರೀಖು ಸರಿಯಾಗಿ ಆ ವಾರದ ಮಧ್ಯಕ್ಕೆ ಬಿದ್ದಿದೆ.

ಇದರಲ್ಲಿ ಜನ ಮೋಸ ಹೋಗೋದು ಹೇಗೆ ಅಂದ್ರೆ, ಫೋನಲ್ಲಿರೋ ವರ್ಲ್ಡ್ ಕ್ಲಾಕ್ ತೆಗೆದು ನೋಡ್ತಾರೆ. ಅದು ತೋರಿಸೋದು ಇವತ್ತಿನ ವ್ಯತ್ಯಾಸ, ಪ್ರಯಾಣದ ದಿನದ್ದಲ್ಲ. ಆಗಸ್ಟಲ್ಲಿ ನೋಡಿದ್ರೂ 7, ಡಿಸೆಂಬರಲ್ಲಿ ನೋಡಿದ್ರೂ 7, ಹಾಗಾಗಿ ಇದು ಬದಲಾಗದೇ ಇರೋ ನಂಬರು ಅಂತ ಮನಸ್ಸಲ್ಲಿ ಕೂತುಬಿಡುತ್ತೆ. ನಾನೂ ಹೀಗೇ ತಪ್ಪು ಮಾಡಿದ್ದೀನಿ. ಚಿಕ್ಕಮಗಳೂರಲ್ಲಿ ಟಿಕೆಟ್ ಮಾಡಿಕೊಡೋ ಕೆಲಸ ಶುರು ಮಾಡಿದ ಹೊಸದರಲ್ಲಿ, ಮೂಡಿಗೆರೆ ಕಡೆ ತೋಟದವರೊಬ್ಬರಿಗೆ ಟಿಕೆಟ್ ಜೊತೆ ಒಂದು ಚೀಟಿ ಬರೆದುಕೊಟ್ಟಿದ್ದೆ, ಇಷ್ಟು ಹೊತ್ತಿಗೆ ಇಳಿತಾರೆ ನಿಮ್ಮ ಮಗನಿಗೆ ಹೇಳಿ ಅಂತ. ವ್ಯತ್ಯಾಸ ಮಾತ್ರ ಹಿಂದಿನ ಬೇಸಿಗೆಯ ಒಂದು ಬುಕಿಂಗಿಂದ ಹಾಗೇ ಎತ್ತಿ ಬರೆದಿದ್ದೆ. ಮಗ ಟಿಕೆಟ್ ನೋಡಲಿಲ್ಲ, ನನ್ನ ಚೀಟಿನೇ ನಂಬಿದ, ಆ ವಯಸ್ಸಾದ ತಾಯಿ ಪರದೇಶದ ಏರ್‌ಪೋರ್ಟಲ್ಲಿ ಒಂದು ಗಂಟೆಗೂ ಜಾಸ್ತಿ ಒಬ್ಬರೇ ಟ್ರಾಲಿ ಹಿಡ್ಕೊಂಡು ನಿಂತಿದ್ರು. ಅವತ್ತಿಂದ ತಾರೀಖು ನೋಡದೆ ಯಾವ ಊರಿನ ವ್ಯತ್ಯಾಸನೂ ನಾನು ಬಾಯಲ್ಲಿ ಹೇಳಲ್ಲ.

ಈಗ ಲೆಕ್ಕ ಹಾಕೋ ರೀತಿಗೆ ಬರೋಣ. ನನ್ನ ಪ್ರಕಾರ ನಮ್ಮವರಿಗೆ ಎಲ್ಲಕ್ಕಿಂತ ಸುಲಭದ ದಾರಿ ಅಂದ್ರೆ ಹಾಸನದ ಗಡಿಯಾರನ ನಿಲ್ಲಿಸದೆ ಓಡೋಕೆ ಬಿಡೋದು. ಇಂಡಿಯಾದಲ್ಲಿ ಬೇಸಿಗೆ ಗಡಿಯಾರ ಚಳಿಗಾಲದ ಗಡಿಯಾರ ಅಂತ ಇಲ್ಲ, ಲೋಕಕ್ಕೆಲ್ಲ ಅಳತೆಗೆ ಅಂತ ಇಟ್ಟಿರೋ UTC ಅನ್ನೋ ಟೈಮಿಗಿಂತ ವರ್ಷಪೂರ್ತಿ ಐದೂವರೆ ಗಂಟೆ ಮುಂದೆ, ಇಡೀ ದೇಶಕ್ಕೆ ಒಂದೇ ಟೈಮು. ಹಾಗಾಗಿ ನಮ್ಮ ಮನೆ ಗೋಡೆ ಮೇಲಿರೋ ಗಡಿಯಾರಾನೇ ಅಳತೆ ಕೋಲು. ಅಮ್ಮ ಹೊರಟಾಗ ಹಾಸನದಲ್ಲಿ ಎಷ್ಟು ಗಂಟೆ ಅಂತ ಬರ್ಕೊಳ್ಳಿ, ಅದಕ್ಕೆ ಮೊದಲ ಹಾರಾಟ ಎಷ್ಟು ಹೊತ್ತು ಅನ್ನೋದನ್ನ ಕೂಡಿ, ಕಾಯೋ ಹೊತ್ತನ್ನ ಕೂಡಿ, ಎರಡನೇ ಹಾರಾಟನ ಕೂಡಿ. ಮಧ್ಯದಲ್ಲಿ ಎಲ್ಲೂ ಏನೂ ಕಳೀಬೇಡಿ. ಕೊನೆಗೆ ಇಳಿಯೋ ಊರಿಗೆ ಆ ದಿನ ಎಷ್ಟು ವ್ಯತ್ಯಾಸವೋ ಅದನ್ನ ಒಂದೇ ಒಂದು ಸಲ ಕಳೆಯಿರಿ, ಅಷ್ಟೇ.

ಅಮ್ಮನ ಟಿಕೆಟಿಗೇ ಹಾಕಿ ನೋಡೋಣ. ಚಿಕಾಗೋಗೆ 2:45 ಅಂತ ಇದೆಯಲ್ಲ, ಹಾಗಿದ್ರೆ ನಿಮ್ಮ ಟಿಕೆಟಲ್ಲಿ ಒಟ್ಟು ಪ್ರಯಾಣ 22 ಗಂಟೆ 35 ನಿಮಿಷ ಅಂತ ಇರಲೇಬೇಕು, ಒಂದ್ಸಲ ನೋಡ್ಕೊಳ್ಳಿ. ಅದರಲ್ಲಿ ಕೊನೆಯ 9:35 ಕಳೆದ್ರೆ ಉಳಿಯೋ 13 ಗಂಟೆ ಮೊದಲ ಹಾರಾಟ ಮತ್ತೆ ಕಾಯೋದು ಸೇರಿ. ಮೊದಲ ಹಾರಾಟ 9:40, ಕಾಯೋದು 3:20 ಅಂತ ಇಟ್ಕೊಂಡು ಬರೀತೀನಿ, ನಿಮ್ಮದರಲ್ಲಿ ಐದು ಹತ್ತು ನಿಮಿಷ ಆಚೀಚೆ ಇದ್ರೆ ಹಾಗೇ ತಿದ್ಕೊಳ್ಳಿ, ಕೊನೇ ಉತ್ತರ ಬದಲಾಗಲ್ಲ. IST ಅಂದ್ರೆ ಹಾಸನದ ಟೈಮು, FRA ಫ್ರಾಂಕ್‌ಫರ್ಟ್, ORD ಚಿಕಾಗೋದ ಓಹೇರ್ ಏರ್‌ಪೋರ್ಟು.

```
28 Oct 02:40 IST
 + 9:40 = 28 Oct 12:20 IST   FRA (-4:30)  28 Oct 07:50
 + 3:20 = 28 Oct 15:40 IST   FRA (-4:30)  28 Oct 11:10
 + 9:35 = 29 Oct 01:15 IST   ORD (-10:30) 28 Oct 14:45
```

ಎಡಗಡೆ ಸಾಲನ್ನ ಮಾತ್ರ ನೋಡ್ಕೊಂಡು ಕೆಳಗಿಳೀರಿ, ಅಲ್ಲಿ ಬರೀ ಕೂಡೋದು. ಬಲಗಡೆ ಇರೋದು ಆಯಾ ಊರಿನ ಏರ್‌ಪೋರ್ಟ್ ಗೋಡೆ ಮೇಲೆ ಕಾಣೋ ಟೈಮು, ಅದನ್ನ ಓದೋಕೆ ಮಾತ್ರ ಇಟ್ಕೊಳ್ಳಿ, ಮುಂದಿನ ಸಾಲಿಗೆ ಅದನ್ನ ಎಳೀಬೇಡಿ. ಕೊನೇ ಸಾಲಲ್ಲಿ ಹಾಸನಕ್ಕೆ 29ನೇ ತಾರೀಖು ಗುರುವಾರ ಬೆಳಗಿನ ಜಾವ 1:15, ಅದೇ ಕ್ಷಣ ಚಿಕಾಗೋದಲ್ಲಿ 28 ಬುಧವಾರ ಮಧ್ಯಾಹ್ನ 2:45. ಟಿಕೆಟಿಗೆ ಕರೆಕ್ಟಾಗಿ ಕೂತ್ಕೊಳ್ತು.

ಹತ್ತೂವರೆ ಹೇಗೆ ಬಂತು ಅಂದ್ರೆ, ಹಾಸನ UTCಗಿಂತ 5:30 ಮುಂದೆ, ಚಿಕಾಗೋ ಆ ದಿನ UTCಗಿಂತ 5 ಗಂಟೆ ಹಿಂದೆ. ಒಬ್ಬರು ಮುಂದೆ ಇನ್ನೊಬ್ಬರು ಹಿಂದೆ ಇದ್ದಾಗ ಎರಡನ್ನೂ ಕೂಡಬೇಕು, 10:30. ಇಲ್ಲಿ ಕೆಲವರು ಐದೂವರೆಯಲ್ಲಿ ಐದು ಕಳೆದು ಅರ್ಧ ಗಂಟೆ ಅಂತ ಬರೆದುಬಿಡ್ತಾರೆ, UTC-5 ಅನ್ನೋದರಲ್ಲಿರೋ ಆ ಸಣ್ಣ ಗೀಟು ಕಣ್ಣಿಗೆ ಬೀಳದೆ. ಫ್ರಾಂಕ್‌ಫರ್ಟ್ ಅವತ್ತು UTCಗಿಂತ 1 ಗಂಟೆ ಮುಂದೆ, ಹಾಸನನೂ ಮುಂದೆ, ಇಬ್ಬರೂ ಒಂದೇ ಕಡೆ ಇದ್ದಾಗ ಕಳೀಬೇಕು, 4:30.

ಇನ್ನೊಂದು ವಿಷಯ ಇದೆ, ಇದನ್ನ ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ನಿಮ್ಮ ಗೊಂದಲದ ಬೇರು ಇಲ್ಲೇ ಇದೆ. ನಿಮ್ಮ ಮನೇಲಿ ಬೇರೆ ಯಾರಾದ್ರೂ ಇದನ್ನೇ ಲೆಕ್ಕ ಹಾಕ್ತಾರೆ ಅಂದ್ಕೊಳ್ಳಿ, ಅವರಿಗೆ ಅಕ್ಟೋಬರ್ 25ರ ವಿಷಯ ಗೊತ್ತಿಲ್ಲ, ಫ್ರಾಂಕ್‌ಫರ್ಟ್ ಇನ್ನೂ ಬೇಸಿಗೆ ಟೈಮಲ್ಲೇ ಇದೆ ಅಂತ ನಮಗೂ ಅದಕ್ಕೂ ಮೂರೂವರೆ ಗಂಟೆ ಹಿಡೀತಾರೆ. 2:40ಕ್ಕೆ 9:40 ಕೂಡಿ ಮೂರೂವರೆ ಕಳೆದ್ರೆ ಫ್ರಾಂಕ್‌ಫರ್ಟಿಗೆ 8:50. ಕಾಯೋದು 3:20 ಕೂಡಿದ್ರೆ 12:10, ಹಾರಾಟ 9:35 ಕೂಡಿದ್ರೆ ರಾತ್ರಿ 9:45, ಅದರಲ್ಲಿ 7 ಕಳೆದ್ರೆ ಮಧ್ಯಾಹ್ನ 2:45. ಸರಿ ಉತ್ತರ! ಮಧ್ಯದ ಊರಿನ ಟೈಮು ಪೂರಾ ತಪ್ಪು, ಆದ್ರೂ ಕೊನೆಗೆ ಸರಿ ಬಂತು. ಏನಾಯ್ತು ಅಂದ್ರೆ ಫ್ರಾಂಕ್‌ಫರ್ಟಿಗೆ ಬರುವಾಗ ಒಂದು ಗಂಟೆ ಕಮ್ಮಿ ಕಳೆದ್ರು, ಬಿಡುವಾಗ ಒಂದು ಗಂಟೆ ಜಾಸ್ತಿ ಕಳೆದ್ರು, ಎರಡೂ ಸೇರಿ ಹೇಗೂ ಹತ್ತೂವರೆನೇ ಆಯ್ತು. ಕಾಯೋದನ್ನ ಗಂಟೆ ಲೆಕ್ಕದಲ್ಲಿ ಕೂಡಿದಾಗ ಮಧ್ಯದ ಊರಿನ ಗಡಿಯಾರ ಉತ್ತರದಿಂದ ತಾನಾಗೇ ಬಿದ್ದುಹೋಗುತ್ತೆ.

ನೀವು ಮಾಡಿದ್ದು ಹಾಗಲ್ಲ. ನೀವು ಟಿಕೆಟಲ್ಲಿ ಅಚ್ಚಾಗಿರೋ 11:10 ಅನ್ನೋ ಗಡಿಯಾರದ ಟೈಮನ್ನ ತಗೊಂಡ್ರಿ. ಅದು ಫ್ರಾಂಕ್‌ಫರ್ಟಿನ ನಿಜವಾದ, ಚಳಿಗಾಲದ ಗಡಿಯಾರದ 11:10. ಅದರಿಂದ ಬೇರೆ ದಿನಗಳ 7 ಗಂಟೆ ಕಳೆದ್ರಿ. ಒಂದು ಕಡೆ ಆ ದಿನದ ಗಡಿಯಾರ, ಇನ್ನೊಂದು ಕಡೆ ಬೇರೆ ದಿನದ ವ್ಯತ್ಯಾಸ, ಎರಡು ಬೆರೆತಿದ್ದಕ್ಕೆ ಒಂದು ಗಂಟೆ ಹೋಯ್ತು. ಟಿಕೆಟ್ ಮೇಲಿನ ಲೋಕಲ್ ಟೈಮ್ ಬಳಸೋದಾದ್ರೆ ಆ ದಿನದ ವ್ಯತ್ಯಾಸ 6 ಬೇಕೇ ಬೇಕು: 11:10ಕ್ಕೆ 9:35 ಕೂಡಿದ್ರೆ ರಾತ್ರಿ 8:45, ಅದರಲ್ಲಿ 6 ಕಳೆದ್ರೆ 2:45.

ಹಾಗಾದ್ರೆ ಮಧ್ಯದ ಊರಿನ ಟೈಮು ತಪ್ಪಾದ್ರೂ ಪರವಾಗಿಲ್ಲ ಅಂತ ಬಿಟ್ಟುಬಿಡಬೇಡಿ. ಫ್ರಾಂಕ್‌ಫರ್ಟಿಗೆ ಬರೋದು 8:50 ಅಂತ ತಿಳ್ಕೊಂಡ್ರೆ 11:10ರ ಫ್ಲೈಟಿಗೆ 2 ಗಂಟೆ 20 ನಿಮಿಷ ಮಾತ್ರ ಅಂತ ಸುಮ್ಮನೆ ಗಾಬರಿ ಆಗ್ತೀರಿ, ಅಮ್ಮಂಗೂ ಓಡಿ ಓಡಿ ಅಂತ ಹೇಳಿ ಹೆದರಿಸ್ತೀರಿ. ಮಾರ್ಚಲ್ಲಾದ್ರೆ ಯುರೋಪಿನ ಗಡಿಯಾರ ಮುಂದಕ್ಕೆ ಹೋಗೋದರಿಂದ ಉಲ್ಟಾ, ಇಲ್ಲದ ಒಂದು ಗಂಟೆನ ಇದೆ ಅಂತ ನಂಬಿ ಆರಾಮಾಗಿ ಕೂರ್ತೀರಿ. ಒಂದೇ ಟಿಕೆಟಲ್ಲಿ ಎರಡೂ ಫ್ಲೈಟ್ ಇದ್ರೆ ಏರ್‌ಲೈನ್ ಸಿಸ್ಟಮ್ಮೇ ಆ ದಿನದ ಟೈಮ್ ಇಟ್ಟು ಕನೆಕ್ಷನ್ ಸಾಕಾಗುತ್ತಾ ಅಂತ ನೋಡಿರುತ್ತೆ, ಅಲ್ಲಿ ಭಯ ಇಲ್ಲ. ಆದ್ರೆ ದುಡ್ಡು ಉಳಿಯುತ್ತೆ ಅಂತ ಬೆಂಗಳೂರು–ಫ್ರಾಂಕ್‌ಫರ್ಟ್ ಒಂದು ಟಿಕೆಟ್, ಫ್ರಾಂಕ್‌ಫರ್ಟ್–ಚಿಕಾಗೋ ಇನ್ನೊಂದು ಟಿಕೆಟ್ ಅಂತ ಬೇರೆ ಬೇರೆ ತಗೊಂಡವರಿಗೆ ಆ ಲೆಕ್ಕ ಹಾಕೋರು ಅವರೇ, ಒಂದು ಗಂಟೆ ತಪ್ಪಿದ್ರೆ ಎರಡನೇ ಟಿಕೆಟ್ ದುಡ್ಡು ಹೋಗಬಹುದು.

ಲೆಕ್ಕ ತಪ್ಪಿದ್ಯಾ ಅಂತ ತಿಳಿಯೋಕೆ ನಾನು ನೋಡೋದು ತಪ್ಪಿನ ಅಳತೆ. ನಿಮ್ಮ ಉತ್ತರಕ್ಕೂ ಟಿಕೆಟಿಗೂ ಸರಿಯಾಗಿ ಒಂದು ಗಂಟೆ ವ್ಯತ್ಯಾಸ ಬಂದ್ರೆ ಅದು ಹೆಚ್ಚೂಕಮ್ಮಿ ಯಾವಾಗಲೂ ಬೇಸಿಗೆ ಚಳಿಗಾಲದ ಗಡಿಯಾರದ್ದೇ ಕೆಲಸ. ಅರ್ಧ ಗಂಟೆ ಬಂದ್ರೆ ಇಂಡಿಯಾದ ಆ ಐದೂವರೆಯಲ್ಲಿರೋ ಅರ್ಧನ ಎಲ್ಲೋ ಬಿಟ್ಟಿದ್ದೀರಿ ಅಂತ. ನಾಲ್ಕೂವರೆ ಗಂಟೆ ಬಂದ್ರೆ, ಅಂದ್ರೆ ಚಿಕಾಗೋಗೆ ಬೆಳಿಗ್ಗೆ 10:15 ಅಂತೇನಾದ್ರೂ ಬಂದ್ರೆ, ಫ್ರಾಂಕ್‌ಫರ್ಟಲ್ಲಿ ಒಂದ್ಸಲ ನಾಲ್ಕೂವರೆ ಕಳೆದು ಚಿಕಾಗೋದಲ್ಲಿ ಮತ್ತೆ ಪೂರ್ತಿ ಹತ್ತೂವರೆ ಕಳೆದಿದ್ದೀರಿ, ನಾಲ್ಕೂವರೆ ಎರಡು ಸಲ ಹೋಗಿದೆ. ಇದು ನಾನು ಜಾಸ್ತಿ ನೋಡಿರೋ ತಪ್ಪು, ಅದಕ್ಕೇ ಮಧ್ಯದಲ್ಲಿ ಕಳೀಬೇಡಿ ಅಂದಿದ್ದು. ಸರಿಯಾಗಿ 24 ಗಂಟೆ ವ್ಯತ್ಯಾಸ ಬಂದ್ರೆ ಟೈಮು ಸರಿ ಇದೆ, ತಾರೀಖು ತಪ್ಪಿದೆ.

ತಾರೀಖು ಅಂದಾಗ ನೆನಪಾಯ್ತು, ಇದು ಟೈಮ್ ಝೋನ್‌ಗಿಂತ ದೊಡ್ಡ ಅಪಾಯ. 28ನೇ ತಾರೀಖು ಬೆಳಗಿನ ಜಾವ 2:40 ಅಂದ್ರೆ ನಮ್ಮ ಮಾತಲ್ಲಿ 27ನೇ ತಾರೀಖು ಮಂಗಳವಾರ ರಾತ್ರಿ. ಮನೆ ಕ್ಯಾಲೆಂಡರಲ್ಲಿ 28ಕ್ಕೆ ಗುಂಡು ಹಾಕಿ, ಬುಧವಾರ ಸಾಯಂಕಾಲ ಅಮ್ಮನ್ನ ಕರ್ಕೊಂಡು ಹೊರಟ್ರೆ ಫ್ಲೈಟು ಹೋಗಿ ಹೆಚ್ಚುಕಮ್ಮಿ ಒಂದು ದಿನ ಆಗಿರುತ್ತೆ. ಮೂರು ಗಂಟೆ ಮುಂಚೆ ಏರ್‌ಪೋರ್ಟಲ್ಲಿ ಇರಬೇಕು ಅಂದ್ರೆ ಮಂಗಳವಾರ ರಾತ್ರಿ 11:40. ಚನ್ನರಾಯಪಟ್ಟಣ, ನೆಲಮಂಗಲ ದಾಟಿ ದೇವನಹಳ್ಳಿ ಕಡೆ ತಿರುಗೋ ಹೊತ್ತಿಗೆ ಟ್ರಾಫಿಕ್ ಹೇಗಿರುತ್ತೋ ಹೇಳಕ್ಕಾಗಲ್ಲ, ಮಂಗಳವಾರ ಸಾಯಂಕಾಲ 5 ಗಂಟೆಗೆಲ್ಲ ಹಾಸನ ಬಿಟ್ಟುಬಿಡಿ.

ನಿಮ್ಮ ಲೆಕ್ಕನ ಬೇರೆ ದಾರೀಲಿ ಪರೀಕ್ಷೆ ಮಾಡಬೇಕು ಅಂದ್ರೆ ವರ್ಲ್ಡ್ ಕ್ಲಾಕ್ ಬೇಡ, ತಾರೀಖು ಕೇಳೋ ಯಾವುದಾದ್ರೂ ಬಳಸಿ. ಗೂಗಲ್ ಕ್ಯಾಲೆಂಡರಲ್ಲಿ ಅಕ್ಟೋಬರ್ 28ಕ್ಕೆ ಮಧ್ಯಾಹ್ನ 2:45ರ ಒಂದು ಈವೆಂಟ್ ಹಾಕಿ, ಅದರ ಟೈಮ್ ಝೋನ್ ಚಿಕಾಗೋದ್ದು ಅಂತ ಆರಿಸಿ ಸೇವ್ ಮಾಡಿ. ನಿಮ್ಮ ಫೋನ್ ಇಂಡಿಯಾ ಟೈಮಲ್ಲಿ ಇದ್ರೆ ಅದು ತಾನಾಗೇ 29ಕ್ಕೆ ಹೋಗಿ 1:15ರಲ್ಲಿ ಕೂತ್ಕೊಳ್ಳುತ್ತೆ. ಮನೇಲಿ ಲಿನಕ್ಸ್ ಬಳಸೋರಿದ್ರೆ ಈ ಒಂದು ಸಾಲು ಸಾಕು:

```
TZ=Asia/Kolkata date -d 'TZ="America/Chicago" 2026-10-28 14:45'
```

ಇಲ್ಲಿ UTC-5 ಅಂತ ನಂಬರ್ ಬರೆಯದೆ America/Chicago ಅಂತ ಊರಿನ ಹೆಸರು ಕೊಟ್ಟಿರೋದಕ್ಕೆ ಕಾರಣ ಇದೆ. ಊರಿನ ಹೆಸರು ಕೊಟ್ರೆ ಆ ತಾರೀಖಿಗೆ ಬೇಸಿಗೆ ಗಡಿಯಾರನೋ ಚಳಿಗಾಲದ್ದೋ ಅಂತ ಕಂಪ್ಯೂಟರೇ ನೋಡ್ಕೊಳ್ಳುತ್ತೆ, ನಂಬರ್ ಕೊಟ್ರೆ ಆ ಜವಾಬ್ದಾರಿ ಮತ್ತೆ ನಮ್ಮ ತಲೆ ಮೇಲೇ ಬರುತ್ತೆ.

ದುಬೈ ಮೇಲೆ ಹೋಗೋರಿಗೆ ಈ ತಲೆನೋವು ಅರ್ಧ ಕಮ್ಮಿ. ದುಬೈಯಲ್ಲೂ ನಮ್ಮ ಹಾಗೇ ಗಡಿಯಾರ ತಿರುಗಿಸಲ್ಲ, ಯಾವಾಗಲೂ ನಮಗಿಂತ ಒಂದೂವರೆ ಗಂಟೆ ಹಿಂದೆ, ಇಳಿಯೋ ಊರಿನದ್ದೊಂದು ನೋಡ್ಕೊಂಡ್ರೆ ಆಯ್ತು.

ಅಮ್ಮನ ಫೋನಿಗೆ ಕಾಯೋ ವಿಷಯ. ಟಿಕೆಟಲ್ಲಿರೋ ಟೈಮು ವಿಮಾನ ಏರ್‌ಪೋರ್ಟಲ್ಲಿ ತನ್ನ ಜಾಗಕ್ಕೆ ಬಂದು ನಿಲ್ಲೋ ಟೈಮು, ಅಮ್ಮ ಹೊರಗೆ ಬರೋದಲ್ಲ. ಆಮೇಲೆ ಇಮಿಗ್ರೇಷನ್ ಸಾಲು, ಲಗೇಜು, ಕಸ್ಟಮ್ಸ್, ಒಂದರಿಂದ ಎರಡು ಗಂಟೆ ಇಟ್ಕೊಳ್ಳಿ. ಹಾಸನದಲ್ಲಿ ಗುರುವಾರ ಬೆಳಗಿನ ಜಾವ 3 ಗಂಟೆ ಸುಮಾರಿಗೆ ಅಣ್ಣನ ಫೋನಿಂದ ಅಮ್ಮನ ದನಿ ಕೇಳಬಹುದು, ಅದಕ್ಕಿಂತ ಮುಂಚೆ ಫೋನ್ ಬರಲಿಲ್ಲ ಅಂತ ಗಾಬರಿ ಬೇಡ. ಫ್ರಾಂಕ್‌ಫರ್ಟಿಗೆ ತಲುಪೋದು ನಮ್ಮ ಬುಧವಾರ ಮಧ್ಯಾಹ್ನ 12:20ಕ್ಕೆ, ನಿಮ್ಮ ಊಟದ ಹೊತ್ತು, ಅಲ್ಲಿ ಏರ್‌ಪೋರ್ಟ್ ವೈಫೈ ಹಿಡಿಸೋದನ್ನ ಅಮ್ಮಂಗೆ ಮೊದಲೇ ಕಲಿಸಿದ್ರೆ ಅವಾಗಲೇ ಒಂದ್ಸಲ ಮಾತಾಡಬಹುದು.

ಅಮ್ಮನ ಕೈ ವಾಚನ್ನ ಹಾಸನದ ಟೈಮಲ್ಲೇ ಬಿಡಿ, ತಿರುಗಿಸೋಕೆ ಹೇಳಬೇಡಿ. ಒಂದು ಚೀಟಿಯಲ್ಲಿ ಕನ್ನಡದಲ್ಲೇ ಎರಡು ಸಾಲು ಬರೆದುಕೊಡಿ: ನಿಮ್ಮ ವಾಚಲ್ಲಿ 12:20 ಆದಾಗ ಇಳಿತೀರಿ, ವಾಚಲ್ಲಿ 3:40 ಆದಾಗ ಮುಂದಿನ ಫ್ಲೈಟ್ ಹೊರಡುತ್ತೆ, 2:30ಕ್ಕೆಲ್ಲ ಗೇಟ್ ಹತ್ರ ಕೂತಿರಿ. ಫ್ಲೈಟ್ ತಡ ಆದ್ರೆ ಬೋರ್ಡಲ್ಲಿ ಬರೋ ಟೈಮು ಅಲ್ಲಿಯದ್ದು, ಅದಕ್ಕೆ ನಾಲ್ಕೂವರೆ ಕೂಡಿದ್ರೆ ಅಮ್ಮನ ವಾಚಿನ ಟೈಮು, ಅದನ್ನೂ ಚೀಟಿ ಕೆಳಗೆ ಬರೆದಿಡಿ. ಫೋನ್ ಗಡಿಯಾರ ಮಾತ್ರ ನೆಟ್‌ವರ್ಕ್ ಸಿಕ್ಕಿದ ತಕ್ಷಣ ಜರ್ಮನಿ ಟೈಮಿಗೆ ತಾನೇ ಹೋಗಬಹುದು, ಫೋನು ಒಂದು ತೋರಿಸುತ್ತೆ ವಾಚು ಇನ್ನೊಂದು ತೋರಿಸುತ್ತೆ ಅಂತ ಮೊದಲೇ ಹೇಳಿರಿ.

ವಾಪಸ್ ಬರೋ ಮಾರ್ಚ್ 20ನ್ನೂ ನೀವು ಬರೆದಿದ್ದು ಒಳ್ಳೇದಾಯ್ತು, ಅದೂ ಇದೇ ತರ ಸಂದಿಗೆ ಬಿದ್ದಿದೆ. ಅಮೆರಿಕ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಮುಂದಕ್ಕೆ ತಿರುಗಿಸುತ್ತೆ, 2027ರಲ್ಲಿ ಅದು ಮಾರ್ಚ್ 14. ಯುರೋಪ್ ಕೊನೇ ಭಾನುವಾರ, ಮಾರ್ಚ್ 28. ಮಧ್ಯದ ಎರಡು ವಾರ ಮತ್ತೆ 6 ಗಂಟೆ, ಹಾಸನಕ್ಕೂ ಚಿಕಾಗೋಗೂ ಮತ್ತೆ ಹತ್ತೂವರೆ. ಬರುವಾಗ ಹಾರಾಟದ ಹೊತ್ತು ಹೋಗುವಾಗಿನದ್ದೇ ಅಂತ ಹಾಕಬೇಡಿ, ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸೋದರಿಂದ ಬರುವಾಗ ಬೇಗ ಬರುತ್ತೆ, ಆ ಟಿಕೆಟಲ್ಲಿ ಏನಿದೆಯೋ ಅದನ್ನೇ ತಗೊಳ್ಳಿ. ಉದಾಹರಣೆಗೆ ಚಿಕಾಗೋ ಬಿಡೋದು 20 ಶನಿವಾರ ಸಾಯಂಕಾಲ 4ಕ್ಕೆ ಅಂದ್ಕೊಳ್ಳಿ. ಮೊದಲು ಅದನ್ನ ಹಾಸನದ ಟೈಮಿಗೆ ತನ್ನಿ, ಹತ್ತೂವರೆ ಕೂಡಿದ್ರೆ 21 ಭಾನುವಾರ ಬೆಳಗಿನ ಜಾವ 2:30. ಅಲ್ಲಿಂದ ಬರೀ ಕೂಡೋದು: ಹಾರಾಟ 8:30 ಆದ್ರೆ ಬೆಳಿಗ್ಗೆ 11, ಕಾಯೋದು 6:30 ಆದ್ರೆ ಸಾಯಂಕಾಲ 5:30, ಕೊನೇ ಹಾರಾಟ 8:40 ಆದ್ರೆ 22 ಸೋಮವಾರ ಬೆಳಗಿನ ಜಾವ 2:10. ಬಂದಿಳಿಯೋ ಊರಲ್ಲಿ ನಮ್ಮದೇ ಗಡಿಯಾರ, ಕೊನೆಗೆ ಕಳೆಯೋಕೆ ಏನೂ ಇಲ್ಲ. ಶನಿವಾರ ಹೊರಟವರು ಸೋಮವಾರದ ತಾರೀಖಲ್ಲಿ ಇಳಿತಾರೆ, ನೀವು ಕರ್ಕೊಂಡು ಬರೋಕೆ ಹಾಸನ ಬಿಡಬೇಕಾಗಿರೋದು ಭಾನುವಾರ ರಾತ್ರಿ 9 ಗಂಟೆಗೆ. ನಿಮ್ಮ ಟಿಕೆಟಿನ ನಂಬರ್ ಹಾಕಿ ಇದನ್ನೇ ಇನ್ನೊಂದ್ಸಲ ಮಾಡಿ, ಅಮ್ಮ ಹೊರಡೋ ಮುಂಚೆನೇ ಆ ಚೀಟಿನೂ ಕ್ಯಾಲೆಂಡರಿಗೆ ಅಂಟಿಸಿಡಿ.